ಮೆಣಸಿನ ವಿಮೆ: ಸ್ಲೈಡುಗಳಿಂದ ಒಂದು ಹಾಳೆಗೆ

ಮುಂಗಾರಿಗೆ ಮೊದಲು ತೋಟಗಾರಿಕೆಯವರು ಹವಾಮಾನ ಆಧಾರಿತ ಬೆಳೆ ವಿಮೆಯ ಸ್ಲೈಡುಗಳನ್ನು ಕಳಿಸಿದ್ದರು. ಅದರಿಂದ ಗ್ರಾಮಸಭೆಗೆ ಒಂದು ನೋಟಿಸ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಯೋಜನೆಯ ಹಿನ್ನೆಲೆ, ಉದ್ದೇಶ, ನಕ್ಷೆಗಳನ್ನೆಲ್ಲ ಮೊದಲು ತೆಗೆದುಬಿಟ್ಟೆ. ಕಾಳುಮೆಣಸು ಬೆಳೆಯುವವರಿಗೆ ಬೇಕಾದದ್ದು ಎಷ್ಟು ಕಟ್ಟಬೇಕು, ಯಾವಾಗ ಸಿಗುತ್ತೆ, ಏನು ತರಬೇಕು, ಅಷ್ಟೇ ಅಲ್ವಾ?

ದುಡ್ಡಿನ ಲೆಕ್ಕ ಹೆಕ್ಟೇರಿನಲ್ಲಿತ್ತು. ವಿಮೆ ಮೊತ್ತ 47,000 ರೂಪಾಯಿ, ರೈತರ ಪಾಲು ಅದರ ಶೇಕಡಾ 5, ಅಂದರೆ 2,350. ನಮ್ಮಲ್ಲಿ ಯಾರೂ ಹೆಕ್ಟೇರ್ ಲೆಕ್ಕದಲ್ಲಿ ಮಾತಾಡುವುದಿಲ್ಲ. 2.47ರಿಂದ ಭಾಗಿಸಿ, ಎಕರೆಗೆ ಸುಮಾರು 950 ಕಟ್ಟಿದರೆ ಹೆಚ್ಚೆಂದರೆ ಸುಮಾರು 19,000 ಎಂದು ಬರೆದೆ. ಆ 'ಹೆಚ್ಚೆಂದರೆ' ಬಿಟ್ಟರೆ, ಎಲ್ಲರಿಗೂ ಪೂರ್ತಿ ಹಣ ಬರುತ್ತೆ ಅಂತ ಸುದ್ದಿ ಹರಡುತ್ತೆ.

ಜಾಸ್ತಿ ಹೊತ್ತು ಹಿಡಿದದ್ದು ಪರಿಹಾರದ ಸಾಲು. ಸ್ಲೈಡಿನಲ್ಲಿ 'ಹವಾಮಾನ ಸೂಚ್ಯಂಕದ ಆಧಾರದಲ್ಲಿ ಕ್ಲೇಮು ಇತ್ಯರ್ಥ' ಎಂದಿತ್ತು. ಕರಡನ್ನು ಪಕ್ಕದ ಮನೆಯ ಅಜ್ಜನಿಗೆ ಓದಿ ಹೇಳಿದೆ. "ಹಾಗಾದ್ರೆ ಸೊರಗು ರೋಗ ಬಂದು ನನ್ನ ಬಳ್ಳಿ ಒಣಗಿದ್ರೆ, ಯಾರಾದ್ರೂ ಬಂದು ನೋಡ್ತಾರಾ?" ಎಂದರು. ಅದೇ ಸರಿಯಾದ ಪ್ರಶ್ನೆ. ಈ ವಿಮೆಯಲ್ಲಿ ಒಬ್ಬೊಬ್ಬರ ತೋಟದ ನಷ್ಟ ಅಳೆಯುವುದಿಲ್ಲ. ಮಳೆ ಮಾಪಕದ ಲೆಕ್ಕ ನೋಡಿ, ನಿಗದಿ ಮಿತಿ ದಾಟಿದರೆ ಮಾತ್ರ ಹಣ. ನಮ್ಮ ಗುಡ್ಡದ ಈಚೆ ಸುರಿದದ್ದು ಆಚೆ ಸುರಿಯದೇ ಇರಬಹುದು. ಹಾಗಾಗಿ ದಪ್ಪ ಅಕ್ಷರದಲ್ಲಿ ಹೀಗೆ ಹಾಕಿದೆ:

ಪರಿಹಾರ ಸಿಗುವುದು ಮಳೆ ಮಾಪಕದ ಲೆಕ್ಕ ನೋಡಿ. ನಿಮ್ಮ ತೋಟದಲ್ಲಿ ಎಷ್ಟು ಹಾಳಾಯಿತು ಎಂದು ಅಳೆಯುವುದಿಲ್ಲ.

"ಹೀಗೆ ಬರೆದ್ರೆ ಯಾರೂ ಕಟ್ಟಲ್ಲ" ಎಂದು ಜೊತೆಯವರೊಬ್ಬರು ಗೊಣಗಿದರು. ಸುಮ್ನೆ ಆಸೆ ಹುಟ್ಟಿಸಿದರೆ ಮುಂದಿನ ವರ್ಷ ಅದೇ ಜನ ಸಭೆಗೇ ಬರುವುದಿಲ್ಲ ಎಂದೆ. ಸಾಲು ಉಳಿಯಿತು.

ದಾಖಲೆಯಲ್ಲಿ ಪಹಣಿಯೇ ತೊಡಕು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಫ್‌ಐಡಿ ಎಂಬ ರೈತರ ಗುರುತಿನ ನಂಬರ್ ಹೆಚ್ಚಿನವರ ಹತ್ತಿರ ಇರುತ್ತೆ. ಆದರೆ ನಮ್ಮಲ್ಲಿ ಮೆಣಸು ಕಾಫಿ ತೋಟದ ನೆರಳಿನ ಮರಕ್ಕೆ ಹಬ್ಬಿರುತ್ತೆ, ಪಹಣಿಯಲ್ಲಿ ಬರೀ ಕಾಫಿ ಅಂತ ಇರಬಹುದು. ಬೆಳೆ ಹೊಂದದಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ಅದಕ್ಕೆ 'ಪಹಣಿಯಲ್ಲಿ ಮೆಣಸು ಇದೆಯಾ, ಇವತ್ತೇ ನೋಡಿ' ಎಂಬ ಸಾಲನ್ನು ದಾಖಲೆಗಳ ಪಟ್ಟಿಗಿಂತ ಮೇಲೆ ಹಾಕಿದೆ. ಅಣ್ಣತಮ್ಮಂದಿರ ಹೆಸರು ಒಟ್ಟಿಗಿದ್ದರೆ ಮೊದಲೇ ಬಂದು ಕೇಳಿ ಎಂದೂ ಸೇರಿಸಿದೆ. ಮನೆತನದವರ ಹೆಸರು ಒಟ್ಟಿಗಿರುವ ಜಮ್ಮಾ ಜಾಗದವರಿಗೆ ಇದು ಮುಖ್ಯ.

ಬೆಳೆ ಸಾಲ ಇರುವವರಿಗೆ ಬೇರೆ ಒಂದು ಸಾಲು: ವಿಮೆ ಬೇಡ ಎಂದಿದ್ದರೆ ಕೊನೆಯ ದಿನಕ್ಕೆ 7 ದಿನ ಮೊದಲೇ ಬ್ಯಾಂಕಿಗೆ ಬರೆದು ಕೊಡಬೇಕು, ಇಲ್ಲದಿದ್ದರೆ ಕಂತು ಖಾತೆಯಿಂದ ಹೋಗುತ್ತೆ. ಕೊನೆಯ ದಿನಾಂಕದ ಜಾಗ ಖಾಲಿ ಬಿಟ್ಟು, ಆ ವರ್ಷದ ಆದೇಶ ನೋಡಿಯೇ ಪೆನ್ನಿನಲ್ಲಿ ತುಂಬಿದೆ.

ಪ್ರತಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ರೇಷನ್ ಅಂಗಡಿ, ಬಸ್ ತಂಗುದಾಣದಲ್ಲಿ ಅಂಟಿಸಿದೆ. ಸಭೆಯ ದಿನ ಕೆಲವರು ಪಹಣಿ ಹಿಡಿದುಕೊಂಡೇ ಬಂದಿದ್ದರು.