ಮೀಟರ್ ಇಟ್ಟರೆ 3.66, ಲೋಡ್ ಕೊಟ್ಟರೆ 2.2: ಅಟ್ಟದಲ್ಲಿದ್ದ ಲಿಥಿಯಂ ಸೆಲ್ಲುಗಳು

ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟಕ್ಕೆ ನೀರು ಸುರಂಗದಿಂದ ಬರುತ್ತದೆ. ಸುರಂಗದ ನೀರು ಬೀಳುವ ಟಾಂಕಿಯಲ್ಲಿ ಮಟ್ಟ ಎಷ್ಟಿದೆ ಅಂತ ಮನೆಯಲ್ಲೇ ಗೊತ್ತಾಗಲಿ ಎಂದು ಒಂದು ಸೆನ್ಸರ್ ಮಾಡಿಟ್ಟಿದ್ದೇನೆ. ದಿನಕ್ಕೆ 4 ಸಲ ಎದ್ದು, ಅಳೆದು, ರೇಡಿಯೋದಲ್ಲಿ ಕಳಿಸಿ ಮತ್ತೆ ಮಲಗುತ್ತದೆ. ಅದಕ್ಕೆ ಹಾಕುವುದು ಪೆನ್ಸಿಲ್ ಸೆಲ್ ಗಾತ್ರದ 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್, ಇಆರ್ 14505 ಅಂತಾರಲ್ಲ, ಅದೇ.

ಮಾರ್ಚ್‌ನಲ್ಲಿ ಹಳೆ ಸೆಲ್ ತೆಗೆದು ಹೊಸದು ಹಾಕಿದೆ. ಹೊಸದು ಅಂದರೆ ಬಳಸದ್ದು. ಎರಡೂವರೆ ವರ್ಷದಿಂದ ಹಂಚಿನ ಮಾಡಿನ ಕೆಳಗೆ ಅಟ್ಟದಲ್ಲಿ ಡಬ್ಬದಲ್ಲಿತ್ತು. ಸೆನ್ಸರ್ ಎದ್ದಿತು, ಮಟ್ಟ ಅಳೆಯಿತು, ಕಳಿಸಲು ಹೊರಟ ಕೂಡಲೇ ರೀಸೆಟ್. ಮತ್ತೆ ಎದ್ದಿತು, ಮತ್ತೆ ರೀಸೆಟ್. ಸೆಲ್ ತೆಗೆದು ಮೀಟರ್ ಇಟ್ಟರೆ 3.66.

"ಮಾವ, ಸೆಲ್ ಸರಿಯೇ ಉಂಟಲ್ವಾ? ಆಂಟೆನಾ ಹೋಗಿರಬೇಕು," ಅಂದ ಅಳಿಯ. ಆಂಟೆನಾ ಬದಲಿಸಿದೆವು, ಬೆಸುಗೆ ಮತ್ತೆ ಹಾಕಿದೆವು, ಅರ್ಧ ದಿನ ಹೋಯಿತು. ಕೊನೆಗೆ ಸೆಲ್ಲಿನ ಎರಡು ತುದಿಗೂ 100 ಓಮ್ ರೆಸಿಸ್ಟರ್ ಕೊಟ್ಟು, ಅದರ ಮೇಲೆಯೇ ಮೀಟರ್ ಹಿಡಿದೆ. 3.66 ಇದ್ದದ್ದು ತಟ್ಟನೆ 2.2ಕ್ಕೆ ಇಳಿಯಿತು. ಕೈ ತೆಗೆಯದೆ ನೋಡುತ್ತಾ ನಿಂತೆ. 2.4, 2.7, ಒಂದು ನಿಮಿಷ ಆಗುವಷ್ಟರಲ್ಲಿ 3.1. ಇದಕ್ಕೇ ವೋಲ್ಟೇಜ್ ಡಿಲೇ ಅನ್ನುವುದು. ನನ್ನ ಬೋರ್ಡ್ 2.7ಕ್ಕಿಂತ ಕೆಳಗೆ ಹೋದರೆ ರೀಸೆಟ್ ಆಗುತ್ತದೆ, ರೇಡಿಯೋ ಕಳಿಸುವಾಗ ಸುಮಾರು 40 ಮಿಲಿ ಆಂಪ್ ಎಳೆಯುತ್ತದೆ. ಮತ್ತೆ ಹೇಗೆ ನಿಂತೀತು?

ಒಳಗೆ ಆಗುವುದು ಇಷ್ಟು. ಈ ಸೆಲ್ಲಿನಲ್ಲಿ ಲಿಥಿಯಂ ಲೋಹ ನೇರವಾಗಿ ಥಯೋನಿಲ್ ಕ್ಲೋರೈಡ್ ದ್ರವದಲ್ಲೇ ಇರುತ್ತದೆ. ಎರಡೂ ಮುಟ್ಟಿದ ಕೂಡಲೇ ಲೋಹದ ಮೈಮೇಲೆ ಲಿಥಿಯಂ ಕ್ಲೋರೈಡಿನ ತೆಳುವಾದ ಪೊರೆ ಕಟ್ಟುತ್ತದೆ. ಅದನ್ನು ಪ್ಯಾಸಿವೇಶನ್ ಪದರ ಅಂತಾರೆ. ಈ ಪೊರೆ ಸೆಲ್ಲಿನ ಶತ್ರು ಅಲ್ಲ, ಅದು ಅಡ್ಡ ನಿಂತಿರುವುದರಿಂದಲೇ ಲಿಥಿಯಂ ಸುಮ್ನೆ ಕರಗಿಹೋಗದೆ ಸೆಲ್ 10 ವರ್ಷ ಇಟ್ಟರೂ ಉಳಿಯುವುದು. ಆದರೆ ಇಟ್ಟಷ್ಟು ದಿನ ಅದು ದಪ್ಪವಾಗುತ್ತಾ ಹೋಗುತ್ತದೆ, ಬಿಸಿ ಇದ್ದರೆ ಇನ್ನೂ ಬೇಗ. ನಮ್ಮ ಅಟ್ಟ ಬೇಸಿಗೆ ಮಧ್ಯಾಹ್ನ ಹೇಗಿರುತ್ತದೆ ಅಂತ ಹಂಚಿನ ಮನೆಯವರಿಗೆ ಹೇಳಬೇಕಾಗಿಲ್ಲ. ಲೋಡ್ ಕೊಟ್ಟಾಗ ಕರೆಂಟ್ ಈ ದಪ್ಪ ಪೊರೆ ದಾಟಬೇಕು, ಅಲ್ಲೇ ವೋಲ್ಟೇಜ್ ಕುಸಿಯುತ್ತದೆ. ಕರೆಂಟ್ ಹರಿಯುತ್ತಾ ಪೊರೆ ಒಡೆಯುತ್ತದೆ, ವೋಲ್ಟೇಜ್ ಏರುತ್ತದೆ. ಮೀಟರ್ ಒಂದೇ ಇಟ್ಟರೆ ಕರೆಂಟೇ ಹರಿಯುವುದಿಲ್ಲ, ಹಾಗಾಗಿ ಅದು 3.66 ಅಂತಲೇ ಹೇಳುತ್ತದೆ.

ಮೊದಲು ನಾನು ಸೆಲ್ಲಿಗೆ ಅಡ್ಡಲಾಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿದೆ. ಆಗಲಿಲ್ಲ. ಲೆಕ್ಕ ಹಾಕಿದರೆ ಆಗಬೇಕಾದದ್ದೂ ಅಲ್ಲ: 40 ಮಿಲಿ ಆಂಪ್ 0.1 ಸೆಕೆಂಡ್ ಬೇಕು ಅಂದರೆ ಅಷ್ಟಕ್ಕೇ ಆ ಕೆಪಾಸಿಟರ್ 4 ವೋಲ್ಟ್ ಇಳಿಯಬೇಕು, ಅದರಲ್ಲಿ ಇರುವುದೇ 3.6. ಕುಸಿತ 0.3 ವೋಲ್ಟಿನೊಳಗೆ ನಿಲ್ಲಬೇಕಾದರೆ 13,000 ಮೈಕ್ರೋಫ್ಯಾರಡ್ ಹತ್ತಿರ ಬೇಕು. ಅಷ್ಟು ದೊಡ್ಡದರ ಸೋರಿಕೆ ಕರೆಂಟೇ ಮಲಗಿರುವ ಸೆನ್ಸರಿಗಿಂತ ಜಾಸ್ತಿ ತಿನ್ನಬಹುದು.

ಹಾಗಾಗಿ ಪೊರೆಯನ್ನೇ ಒಡೆದೆ. 330 ಓಮ್, ಕಾಲು ವಾಟಿನ ರೆಸಿಸ್ಟರ್, ಸುಮಾರು 10 ಮಿಲಿ ಆಂಪ್, 10 ನಿಮಿಷ. ಇದಕ್ಕೆ ಖರ್ಚು 2 ಮಿಲಿ ಆಂಪ್ ಅವರ್ ಕೂಡ ಇಲ್ಲ, ಸೆಲ್ಲಿನಲ್ಲಿ 2000ಕ್ಕೂ ಜಾಸ್ತಿ ಇರುತ್ತದೆ. ಆಮೇಲೆ 100 ಓಮ್ ಕೊಟ್ಟು ನೋಡಿದರೆ ಕೂಡಲೇ 3.3. ಬೇಗ ಆಗಲಿ ಅಂತ ತಂತಿಯಿಂದ ಶಾರ್ಟ್ ಮಾತ್ರ ಮಾಡಬೇಡಿ. ಬಿಸಿಯಾಗಿ ಸೆಲ್ ಒಡೆದರೆ ಒಳಗಿನ ದ್ರವ ಮೈ ಸುಡುತ್ತದೆ, ಅದರ ಹೊಗೆ ವಿಷ. ಚಾರ್ಜ್ ಮಾಡುವುದೂ ಬೇಡವೇ ಬೇಡ.

ಡಬ್ಬದಲ್ಲಿ ಒಟ್ಟು 6 ಇದ್ದವು. 5 ಹೀಗೇ ಏರಿ ಬಂದವು. ಒಂದು ಲೋಡ್ ಕೊಟ್ಟಾಗ 2.8 ತೋರಿಸಿ ಅಲ್ಲಿಂದ ನಿಧಾನಕ್ಕೆ ಕೆಳಗೇ ಹೋಯಿತು, ಕಾಲು ಗಂಟೆ ಆದರೂ ಏರಲಿಲ್ಲ. ಅದು ಪೊರೆಯ ತೊಂದರೆ ಅಲ್ಲ, ಬಳಸಿದ ಸೆಲ್ ಡಬ್ಬಕ್ಕೆ ಸೇರಿತ್ತೆಂದು ಕಾಣುತ್ತದೆ. ಈ ಸೆಲ್ಲುಗಳು ಮುಗಿಯುವವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ತೋರಿಸುತ್ತವೆ. ಲೋಡಿನಲ್ಲಿ ಏರುತ್ತದೋ ಇಳಿಯುತ್ತದೋ ಅಂತ ನೋಡಿಯೇ ತಿಳಿಯಬೇಕು.

ಒಂದು ಸಲ ಒಡೆದರೆ ಮುಗಿಯಿತು ಅಂತಲೂ ಅಲ್ಲ. ಮಲಗಿದ ಸೆನ್ಸರ್ ಎಳೆಯುವ ಕೆಲವು ಮೈಕ್ರೋ ಆಂಪ್ ಪೊರೆಯನ್ನು ತಡೆಯುವುದಿಲ್ಲ, ಅದು ಮತ್ತೆ ಕಟ್ಟುತ್ತದೆ. ಅದಕ್ಕೆ ಈಗ ಪ್ರತಿ ಸಲ ಕಳಿಸುವ ಮೊದಲು 10 ಮಿಲಿ ಆಂಪ್ ಲೋಡ್ 2 ಸೆಕೆಂಡ್ ಹಾಕಿ ವೋಲ್ಟೇಜ್ ನೋಡುವಂತೆ ಪ್ರೋಗ್ರಾಂ ಬದಲಿಸಿದ್ದೇನೆ. 3 ದಾಟದಿದ್ದರೆ ರೇಡಿಯೋ ತೆರೆಯದೆ ಇನ್ನೂ 5 ಸೆಕೆಂಡ್ ಕಾಯುತ್ತದೆ. ವರ್ಷಕ್ಕೆ 8 ಮಿಲಿ ಆಂಪ್ ಅವರ್ ಖರ್ಚು, ಅಷ್ಟೇ. ಆ ಲೋಡ್ ವೋಲ್ಟೇಜ್ ನೀರಿನ ಮಟ್ಟದ ಜೊತೆಗೇ ಮನೆಗೆ ಬರುತ್ತದೆ. ಉಳಿದ ಸೆಲ್ಲುಗಳ ಮೇಲೆ ತಿಂಗಳು, ವರ್ಷ ಬರೆದು ಕೆಳಗಿನ ಮಣ್ಣಿನ ಗೋಡೆಯ ಕೋಣೆಯಲ್ಲಿ ಇಟ್ಟಿದ್ದೇನೆ.