ಪೆರ್ಲದ ತೋಟದ ಕ್ಯಾಮೆರಾ, ಬೆಂಗಳೂರಿನ ನಾನು, ನಡುವೆ ಕಂಪನಿಯ ರೌಟರ್

ಕಾಸರಗೋಡಿನ ಪೆರ್ಲದ ಹತ್ತಿರ ಮಾವನ ಮನೆ. ಅಡಿಕೆ ಒಣಗಿಸುವ ಅಂಗಳಕ್ಕೆ ಒಂದು, ಪಂಪ್ ಶೆಡ್ಡಿಗೆ ಒಂದು, ಗೇಟಿಗೆ ಒಂದು, ಹಟ್ಟಿಗೆ ಒಂದು ಅಂತ ನಾಲ್ಕು ಕ್ಯಾಮೆರಾ ಹಾಕಿಸಿದ್ದಾರೆ. ಅವುಗಳ ಚಿತ್ರ ದಾಖಲಿಸುವ ಡಿವಿಆರ್ ಹಳೆಯದು. ಅದರ ಮೊಬೈಲ್ ಆ್ಯಪ್ ಕೆಲಸ ಬಿಟ್ಟು ಎರಡು ವರ್ಷ ಆಯಿತು. "ನೀನು ಬೆಂಗಳೂರಲ್ಲಿ ಕೂತು ನೋಡುವ ಹಾಗೆ ಮಾಡು ಮಾರಾಯ, ನಾನು ಮದುವೆ-ಉಪನಯನ ಅಂತ ಹೋದಾಗ ಮನೆಗೆ ಕಣ್ಣಿಲ್ಲ" ಅಂದರು.

ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಬಂದದ್ದನ್ನು ಡಿವಿಆರಿಗೆ ಕಳಿಸಲು ರೌಟರಿನಲ್ಲಿ ಒಂದು ಬಾಗಿಲು ತೆರೆದರೆ ಮುಗಿಯಿತು ಅಂದುಕೊಂಡೆ. ಫೈಬರ್ ಕಂಪನಿ ಕೊಟ್ಟ ಬಿಳಿ ಪೆಟ್ಟಿಗೆಯ ಪುಟ ತೆರೆದು ನೋಡಿದರೆ ವೈಫೈ ಹೆಸರು, ಪಾಸ್‌ವರ್ಡ್ ಬಿಟ್ಟು ಬೇರೇನೂ ಮುಟ್ಟಲು ಬಿಡುವುದಿಲ್ಲ. ಪೆಟ್ಟಿಗೆಯಲ್ಲಿ ಎರಡು ಖಾತೆ ಇರುತ್ತದೆ. ನಮಗೆ ಕೊಡುವುದು ಸಣ್ಣದು, ದೊಡ್ಡದು ಕಂಪನಿಯ ಕೈಯಲ್ಲಿ.

ಇದು ಬರೀ ಜಿಪುಣತನ ಅಲ್ಲ ಅನ್ನಿ. ಸಾವಿರಾರು ಪೆಟ್ಟಿಗೆಗಳನ್ನು ಅವರು ಕಚೇರಿಯಿಂದಲೇ ನೋಡಿಕೊಳ್ಳುತ್ತಾರೆ. ಅದಕ್ಕೆ TR-069 ಎಂಬ ವ್ಯವಸ್ಥೆ ಇದೆ. ಪೆಟ್ಟಿಗೆ ಆಗಾಗ ಕಂಪನಿಯ ಸರ್ವರಿಗೆ ಹಾಜರಿ ಹಾಕುತ್ತದೆ, ಅಲ್ಲಿಂದ ಹೊಸ ಸೆಟ್ಟಿಂಗ್ ಬರುತ್ತದೆ. ಹೇಗೋ ಮಾಡಿ ನೀವು ಒಂದು ಪೋರ್ಟ್ ತೆರೆದರೂ ಮುಂದಿನ ಸಲ ಅವರು ಸೆಟ್ಟಿಂಗ್ ಕಳಿಸಿದಾಗ ಅದು ಅಳಿಸಿಹೋಗಬಹುದು. ಇನ್ನು ಹೊರಗಿನಿಂದ ಬರುವ ದಾರಿಯನ್ನು ಮುಚ್ಚಿಡುವುದಕ್ಕೆ ಕಾರಣವೂ ಇದೆ. 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ನೆಟ್ ನಿಂತುಹೋಗಿತ್ತು. ಇದೇ ನಿರ್ವಹಣೆಗೆಂದು ಬಿಟ್ಟ 7547 ಎಂಬ ಪೋರ್ಟಿಗೆ ಮಿರಾಯ್ ಹುಳದ ಒಂದು ತಳಿ ದಾಳಿ ಮಾಡಿತ್ತು. ಹುಳ ಒಳಗೆ ಹೋಗಲಿಲ್ಲ, ಆದರೆ ಬಡಿದ ಬಡಿತಕ್ಕೇ ರೌಟರುಗಳು ಕುಸಿದವು.

ಹಾಗಂತ ಪೆಟ್ಟಿಗೆಯನ್ನೇ ಎಸೆದು ಬೇರೆ ಇಡಲು ಆಗುವುದಿಲ್ಲ. ಅದರ ಸೀರಿಯಲ್ ನಂಬರ್ ಕಂಪನಿಯಲ್ಲಿ ದಾಖಲಾಗಿರುತ್ತದೆ. ಇರುವ ಉಪಾಯ ಎಂದರೆ ಅದರ ರೌಟರ್ ಕೆಲಸವನ್ನು ಬಿಡಿಸಿ, ಫೈಬರಿನ ಬೆಳಕನ್ನು ಲ್ಯಾನ್ ತಂತಿಗೆ ದಾಟಿಸುವ ಸಂಕ ಮಾತ್ರ ಮಾಡುವುದು. ಅದೇ ಬ್ರಿಡ್ಜ್ ಮೋಡ್. ಲಾಗಿನ್, ಫೈರ್‌ವಾಲ್, ಪೋರ್ಟ್, ವಿಪಿಎನ್ ಎಲ್ಲಾ ಆಮೇಲೆ ನಿಮ್ಮ ರೌಟರಿನ ಕೆಲಸ.

ದುಡ್ಡು ಹಾಕುವ ಮೊದಲು ಇದನ್ನು ನೋಡಿ

ಹೊಸ ರೌಟರ್ ತರುವ ಮೊದಲು ಪೆಟ್ಟಿಗೆಯ ಸ್ಟೇಟಸ್ ಪುಟದಲ್ಲಿ `WAN IP`, ಅಂದರೆ ಪೆಟ್ಟಿಗೆಗೆ ಕಂಪನಿ ಕೊಟ್ಟ ವಿಳಾಸ ನೋಡಿ. ಅದು `10.` ಎಂದು ಶುರುವಾದರೆ, ಅಥವಾ `100.64` ರಿಂದ `100.127` ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಐಪಿವಿ4 ವಿಳಾಸ ಸಾಕಾಗದೆ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಹೊರಗಿನಿಂದ ಬಂದ ಪ್ಯಾಕೆಟ್ ಯಾರ ಮನೆಯದು ಅಂತ ಅಲ್ಲಿಯೇ ಗೊತ್ತಾಗುವುದಿಲ್ಲ, ಅದು ನಿಮ್ಮ ಬಾಗಿಲ ತನಕ ಬರುವುದೂ ಇಲ್ಲ. ಬ್ರಿಡ್ಜ್ ಮೋಡ್ ಇದನ್ನು ಸರಿ ಮಾಡುವುದಿಲ್ಲ! ಸುಮಾರು ಜನ ಎಡವುವುದು ಇಲ್ಲೇ. ಮಾವನ ಮನೆಯಲ್ಲಿ ಇದ್ದದ್ದು `100.72` ಎಂದು ಶುರುವಾಗುವ ವಿಳಾಸ. ಹೆಚ್ಚಿನ ದುಡ್ಡು ಕಟ್ಟಿ ನಮಗೊಬ್ಬರಿಗೇ ಮೀಸಲಾದ, ಬದಲಾಗದ ಸ್ಟ್ಯಾಟಿಕ್ ಐಪಿ ತೆಗೆದುಕೊಂಡ ಮೇಲೆಯೇ ಮುಂದಿನ ಕೆಲಸ ಶುರುಮಾಡಿದ್ದು.

ಬದಲಾಯಿಸಿದ್ದು ಹೀಗೆ

ಕೇಬಲ್ ಹುಡುಗನಿಗೆ ಫೋನ್ ಮಾಡಿ "ಬ್ರಿಡ್ಜ್ ಮೋಡಿಲ್ ಆಕ್ಕಿತ್ತರುಮೋ" ಅಂತ ನನ್ನ ಹರಕು ಮಲಯಾಳದಲ್ಲಿ ಕೇಳಿದೆ. ಅವನು ಅಚ್ಚ ಕನ್ನಡದಲ್ಲಿ "ಮಾಡಿಕೊಡುವ, ಆದರೆ ಆಮೇಲೆ ವೈಫೈ ಬರುವುದಿಲ್ಲ ಅಂತ ನಮಗೆ ಫೋನ್ ಮಾಡಬಾರದು" ಅಂದ. ಅವನಿಂದ ಕೇಳಿ ಬರೆದುಕೊಳ್ಳಬೇಕಾದ್ದು ಮೂರು: ಕಂಪನಿಯ ನೆಟ್ಟಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಅದರ ಪಾಸ್‌ವರ್ಡ್, ಒಂದೇ ಫೈಬರಿನಲ್ಲಿ ನೆಟ್, ಫೋನ್ ಬೇರೆಬೇರೆಯಾಗಿ ಹೋಗಲು ಹಾಕುವ ವಿಎಲ್ಯಾನ್ ನಂಬರ್. ಪಾಸ್‌ವರ್ಡ್ ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ, ಬ್ರಿಡ್ಜ್ ಮಾಡಿದ ಮೇಲೆ ಅದೂ ಇರುವುದಿಲ್ಲ. ಹಾಗಾಗಿ ಮೊದಲೇ ತೆಗೆದುಕೊಳ್ಳಿ, ಹಳೆಯ ಸೆಟ್ಟಿಂಗಿನ ಪುಟಗಳ ಫೋಟೊವನ್ನೂ ಹೊಡೆದಿಟ್ಟುಕೊಳ್ಳಿ.

ಅವನು ಪೆಟ್ಟಿಗೆಯಲ್ಲಿ ಇಂಟರ್ನೆಟ್ ಕನೆಕ್ಷನನ್ನು `Route` ಇಂದ `Bridge` ಗೆ ಬದಲಿಸಿ, ವಿಎಲ್ಯಾನ್ ನಂಬರ್ ಹಾಗೇ ಉಳಿಸಿ, ಅದನ್ನು `LAN1` ಗೆ ಕಟ್ಟಿದ. ಪೆಟ್ಟಿಗೆಯ ವೈಫೈ ಆಫ್ ಮಾಡಿದ. ಲ್ಯಾಂಡ್‌ಲೈನ್ ಫೋನಿಗೆ ಬೇರೆಯೇ ಒಂದು ಕನೆಕ್ಷನ್ ಕಾಣುತ್ತದೆ, ಅದನ್ನು ಮುಟ್ಟಲಿಲ್ಲ. ಮುಟ್ಟಿದರೆ ಮಾವನ ಫೋನ್ ಸತ್ತುಹೋಗುತ್ತಿತ್ತು. ಆಮೇಲೆ `LAN1` ಇಂದ ನಮ್ಮ ರೌಟರಿನ `WAN` ಪೋರ್ಟಿಗೆ ಒಂದು ತಂತಿ.

ನಮ್ಮ ರೌಟರಿನಲ್ಲಿ `PPPoE` ಆರಿಸಿ, ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು, ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂದು ಹೇಳುವ ಎಂಟಿಯುವನ್ನು 1492 ಎಂದು ಇಟ್ಟೆ. ವಿಎಲ್ಯಾನ್ ಇಲ್ಲಿ ಹಾಕಲಿಲ್ಲ, ಏಕೆಂದರೆ ಪೆಟ್ಟಿಗೆಯೇ ಅದನ್ನು ನೋಡಿಕೊಳ್ಳುತ್ತಿದೆ. ಎರಡೂ ಕಡೆ ಹಾಕಿದರೆ ಕನೆಕ್ಟ್ ಆಗುವುದಿಲ್ಲ. ಮನೆಯೊಳಗಿನ ವಿಳಾಸವನ್ನು `192.168.50.1` ಮಾಡಿದೆ. ಇದಕ್ಕೂ ಕಾರಣ ಇದೆ. ಬೆಂಗಳೂರಿನ ನನ್ನ ಮನೆಯದ್ದು `192.168.1.x`. ಮಾವನದ್ದೂ ಅದೇ ಆಗಿದ್ದರೆ, ಡಿವಿಆರ್ ಹುಡುಕಲು ಹೊರಟ ನನ್ನ ಲ್ಯಾಪ್‌ಟಾಪ್ ಬೆಂಗಳೂರಿನಲ್ಲೇ ಸುತ್ತುತ್ತಿತ್ತು.

ಮೊದಲ ಸಲ ಕನೆಕ್ಟ್ ಆಗಲಿಲ್ಲ. ಪಾಸ್‌ವರ್ಡ್ ಸರಿಯಿತ್ತು, ಆದರೆ ಕಂಪನಿಯಲ್ಲಿ ನಮ್ಮ ಖಾತೆಗೆ ಅವರ ಪೆಟ್ಟಿಗೆಯ ಮ್ಯಾಕ್ ವಿಳಾಸ, ಅಂದರೆ ಯಂತ್ರದ ಗುರುತಿನ ಸಂಖ್ಯೆ, ಕಟ್ಟಿಹಾಕಿದ್ದರು. ಅದನ್ನು ಬಿಡಿಸಿ ಅಂತ ಫೋನ್ ಮಾಡಿದ ಮೇಲೆ ಹತ್ತಿತು. ಸರಿಯಾಗಿದೆಯಾ ಅಂತ ತಿಳಿಯಲು ನಿಮ್ಮ ರೌಟರ್ ತೋರಿಸುವ `WAN IP` ಮತ್ತು ನಿಮ್ಮ ಐಪಿ ಹೇಳುವ ಯಾವುದಾದರೂ ಸೈಟು ತೋರಿಸುವ ವಿಳಾಸ ಎರಡೂ ಒಂದೇ ಇದೆಯಾ ನೋಡಿ. ರೌಟರಿನಲ್ಲಿ `192.168.1.x` ಎಂದು ಕಂಡರೆ ಪೆಟ್ಟಿಗೆ ಇನ್ನೂ ರೌಟರ್ ಆಗಿಯೇ ಇದೆ, ಬ್ರಿಡ್ಜ್ ಆಗಿಲ್ಲ. ಕೆಲವು ಸೈಟು ಮಾತ್ರ ಅರ್ಧಕ್ಕೆ ನಿಂತರೆ ಎಂಟಿಯು ನೋಡಿ.

ಡಿವಿಆರ್ ಪೋರ್ಟ್ ತೆರೆಯಬೇಡಿ

ಇಷ್ಟೆಲ್ಲ ಮಾಡಿ ಕೊನೆಗೆ ಡಿವಿಆರನ್ನೇ ಬಯಲಿಗಿಟ್ಟರೆ ಕಂಪನಿಯ ಬೀಗವೇ ವಾಸಿಯಿತ್ತು. ಹಳೆಯ ಡಿವಿಆರಿಗೆ ಅಪ್‌ಡೇಟ್ ಬರುವುದಿಲ್ಲ, ತೆರೆದ ಪೋರ್ಟುಗಳನ್ನು ಹುಡುಕುವ ಬಾಟ್‌ಗಳು ಹಗಲು ರಾತ್ರಿ ತಿರುಗುತ್ತಿರುತ್ತವೆ. ಅದರ ಬದಲು ಫೋನಿನಿಂದ ಮನೆಯ ತನಕ ಬೀಗ ಹಾಕಿದ ಸುರಂಗ ಕೊರೆಯುವ ವಿಪಿಎನ್ ಸಾಕು. ವಯರ್‌ಗಾರ್ಡ್ ಎಂಬ ವಿಪಿಎನ್ ಸರ್ವರ್ ಇರುವ ರೌಟರನ್ನೇ ಕೊಳ್ಳಿ. ಹೊರಗೆ ತೆರೆಯುವುದು ಒಂದೇ ಯುಡಿಪಿ ಪೋರ್ಟ್, 51820. ಸರಿಯಾದ ಕೀ ಇಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ನನ್ನ ಫೋನಿನ ಸೆಟ್ಟಿಂಗ್ ಹೀಗಿದೆ, ಕೀ ಮತ್ತು ಹೊರಗಿನ ವಿಳಾಸ ಬದಲಿಸಿದ್ದೇನೆ:

```
[Interface]
PrivateKey = PHONE_PRIVATE_KEY
Address = 10.9.0.2/32

[Peer]
PublicKey = ROUTER_PUBLIC_KEY
Endpoint = 203.0.113.25:51820
AllowedIPs = 192.168.50.0/24
```

ಕೊನೆಯ ಸಾಲಿನಿಂದಾಗಿ ಮಾವನ ಮನೆಗೆ ಹೋಗುವ ಪ್ಯಾಕೆಟ್ ಮಾತ್ರ ಸುರಂಗ ಹಿಡಿಯುತ್ತದೆ. ಉಳಿದ ನನ್ನ ಯೂಟ್ಯೂಬು ಗೀಟ್ಯೂಬು ಎಲ್ಲಾ ಪೆರ್ಲ ಸುತ್ತಿ ಬರುವುದಿಲ್ಲ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪರೀಕ್ಷೆ ಮಾಡಿ. ಮನೆಯೊಳಗೆ ಕೂತು ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಆಮೇಲೆ ಮೇ ತಿಂಗಳಲ್ಲಿ ಒಂದು ಸಂಜೆ ಸಿಡಿಲು ಬಡಿದು ಕಂಪನಿಯ ಪೆಟ್ಟಿಗೆ ಸುಟ್ಟುಹೋಯಿತು. ನಮ್ಮ ಕಡೆ ಇದು ವರ್ಷಕ್ಕೊಮ್ಮೆ ಇದ್ದದ್ದೇ. ಮರುದಿನ ಹೊಸದು ಇಟ್ಟು ಹೋದರು, ನೆಟ್ ಬಂತು, ಮಾವ ಖುಷಿ. ಕ್ಯಾಮೆರಾ ಮಾತ್ರ ನನಗೆ ಕಾಣಲಿಲ್ಲ. ಹೊಸ ಪೆಟ್ಟಿಗೆ ರೌಟರ್ ಮೋಡಿನಲ್ಲೇ ಬಂದಿತ್ತು. ನಮ್ಮ ರೌಟರಿನ ತಂತಿ ಕಿತ್ತು ಪಕ್ಕಕ್ಕಿಟ್ಟು, ಡಿವಿಆರ್ ತಂತಿಯನ್ನು ನೇರ ಅದಕ್ಕೇ ಚುಚ್ಚಿದ್ದರು. ಈಗ ಪೆಟ್ಟಿಗೆಯ ಮೇಲೆ ಮಾವ ಒಂದು ಚೀಟಿ ಅಂಟಿಸಿದ್ದಾರೆ, ಕನ್ನಡದಲ್ಲಿ ಒಂದು ಸಾಲು, ಮಲಯಾಳದಲ್ಲಿ ಒಂದು ಸಾಲು: "ಬ್ರಿಡ್ಜ್ ಮೋಡ್. ಬದಲಿಸಿದರೆ ಹೇಳಿ."