700 ಜನರ ರಿಸೆಪ್ಶನ್ ಊಟಕ್ಕೆ ಎಷ್ಟು ಕೌಂಟರ್ ಇಡಬೇಕು? ನಾನು ಲೆಕ್ಕ ಹಾಕುವ ರೀತಿ

ಕೇಟರಿಂಗ್ ಉಸ್ತುವಾರಿ ನೋಡಿಕೊಳ್ಳುವ ನನಗೆ ಮದುವೆ ಮನೆಯವರು ಮೊದಲು ಹೇಳುವುದು ಒಂದೇ ಸಂಖ್ಯೆ: "ಏಳುನೂರು ಜನ ಸರ್, ಎಷ್ಟು ಕೌಂಟರ್ ಬೇಕಾಗತ್ತೆ?" ಅಡುಗೆಯ ಅಳತೆಗೆ ಆ ಸಂಖ್ಯೆ ಸಾಕು. ಸಾಲಿನ ಲೆಕ್ಕಕ್ಕೆ ಸಾಲದು. ಇನ್ನೆರಡು ವಿಷಯ ಗೊತ್ತಾಗಬೇಕು. ಒಂದು ಸಾಲಿನಿಂದ ನಿಮಿಷಕ್ಕೆ ಎಷ್ಟು ಜನ ತಟ್ಟೆ ತುಂಬಿಸಿಕೊಂಡು ಹೊರಗೆ ಬರುತ್ತಾರೆ, ಮತ್ತು ಜನ ಯಾವ ಹೊತ್ತಿಗೆ ಜಾಸ್ತಿ ನುಗ್ಗುತ್ತಾರೆ.

ಮೊದಲನೆಯದನ್ನು ನಾನು ಅಳೆದೇ ತಿಳಿದುಕೊಳ್ಳುತ್ತೇನೆ. ಯಾವುದಾದರೂ ಸಮಾರಂಭದಲ್ಲಿ ಸಾಲಿನ ಕೊನೆಯ ಐಟಂ, ಅಂದರೆ ಸಾಮಾನ್ಯವಾಗಿ ಮೊಸರನ್ನ, ಹಪ್ಪಳದ ಹತ್ತಿರ ನಿಂತು ಮೊಬೈಲಿನಲ್ಲಿ 5 ನಿಮಿಷ ಹಾಕಿಕೊಂಡು ದಾಟಿ ಹೋಗುವ ತಟ್ಟೆ ಎಣಿಸುವುದು, ಅಷ್ಟೇ. ಆದರೆ ಹಿಂದೆ ಸಾಲು ಕಾಯುತ್ತಿರುವಾಗ ಮಾತ್ರ ಎಣಿಸಬೇಕು. ಸಾಲು ಇಲ್ಲದಾಗ ಎಣಿಸಿದರೆ ಜನ ಬರುವ ವೇಗ ಸಿಗುತ್ತದೆ, ಕೌಂಟರಿನ ವೇಗ ಸಿಗುವುದಿಲ್ಲ.

ಹತ್ತು ಐಟಂ ಇರುವ, ತಾವೇ ಬಡಿಸಿಕೊಳ್ಳುವ ಸಾಲಿನಲ್ಲಿ ನನಗೆ ಸಿಕ್ಕಿರುವುದು ನಿಮಿಷಕ್ಕೆ ನಾಲ್ಕು, ಹೆಚ್ಚೆಂದರೆ ಐದು ಜನ. ಹಿಂದೆ ಹುಡುಗರು ನಿಂತು ಬಡಿಸಿದರೆ ಆರರ ತನಕ ಹೋಗುತ್ತದೆ. ಯಾಕೆಂದರೆ ಯಾರೂ ಪಲಾವಿನಲ್ಲಿ ಗೋಡಂಬಿ ಹುಡುಕುತ್ತಾ ನಿಲ್ಲುವುದಿಲ್ಲ. ಅಜ್ಜ-ಅಜ್ಜಿಯರು, ಮಕ್ಕಳ ತಟ್ಟೆ ಹಿಡಿದ ತಾಯಂದಿರು ಇರುವ ಕಡೆ ನಾಲ್ಕಕ್ಕಿಂತ ಮೇಲೆ ಲೆಕ್ಕ ಹಿಡಿಯಲೇಬಾರದು.

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಒಬ್ಬ ವ್ಯಕ್ತಿ ತಟ್ಟೆ ಎತ್ತಿಕೊಂಡು ಕೊನೆ ಮುಟ್ಟಲು ಎರಡೂವರೆ ನಿಮಿಷ ಬೇಕಾಗಬಹುದು. ಹಾಗಂತ ಎರಡೂವರೆ ನಿಮಿಷಕ್ಕೆ ಒಬ್ಬರು ಅಂತ ಲೆಕ್ಕ ಅಲ್ಲ, ಅಲ್ವಾ? ಸಾಲಿನಲ್ಲಿ ಒಂದೇ ಸಲ ಹತ್ತು ಜನ ಇರುತ್ತಾರೆ, ಒಬ್ಬೊಬ್ಬರು ಒಂದೊಂದು ಪಾತ್ರೆಯ ಮುಂದೆ. ಇಡೀ ಸಾಲಿನ ವೇಗವನ್ನು ತೀರ್ಮಾನ ಮಾಡುವುದು ಅವುಗಳಲ್ಲಿ ಅತಿ ನಿಧಾನದ ಒಂದು ಐಟಂ. ಕೋಸಂಬರಿಗೆ 5 ಸೆಕೆಂಡು, ಪಲ್ಯಕ್ಕೆ 5 ಸೆಕೆಂಡು ಸಾಕಾದರೂ ಬಿಸಿ ಪುಲ್ಕಾ ಮುಂದೆ 15 ಸೆಕೆಂಡು ನಿಂತರೆ ನಿಮಿಷಕ್ಕೆ ನಾಲ್ಕೇ ಜನ, ಮುಗೀತು.

ಆ ಐಟಂ ಯಾವುದು ಅಂತ ಗುರುತಿಸುವುದು ಸುಲಭ. ಅದರ ಮುಂದಿನ ಭಾಗ ಖಾಲಿ ಇರುತ್ತದೆ, ಹಿಂದೆ ಜನ ಒತ್ತಿಕೊಂಡು ನಿಂತಿರುತ್ತಾರೆ. ಅಲ್ಲಿಗೆ ಹೋಗಿ ನೋಡಿದರೆ ಕಾರಣ ಸಿಕ್ಕೇ ಸಿಗುತ್ತದೆ. ಒಂದೇ ಸೌಟು ಇರುತ್ತದೆ, ಇಲ್ಲವೇ ಜಾಮೂನಿನ ಪಾತ್ರೆ ಆಳ ಇದ್ದು ಚಮಚ ಚಿಕ್ಕದಿರುತ್ತದೆ, ಇಲ್ಲವೇ ಪಾತ್ರೆ ಖಾಲಿಯಾಗಿ ಒಳಗಿಂದ ಬರುವುದನ್ನು ಕಾಯುತ್ತಿರುತ್ತಾರೆ. ಒಂದು ನಿಮಿಷ ಪಲಾವ್ ಇಲ್ಲ ಅಂದರೆ ಆ ಸಾಲಿನ ನಾಲ್ಕು ಜನರ ಜಾಗ ಹೋಯಿತು ಅಂತಲೇ ಅರ್ಥ. ಅದಕ್ಕೇ ಅನ್ನದ ಐಟಂಗಳಿಗೆ ನಾನು ಎರಡೆರಡು ಪಾತ್ರೆ ಇಡಿಸುತ್ತೇನೆ.

ಬಿಸಿಬಿಸಿ ಮಾಡಿಕೊಡುವ ಐಟಂಗಳನ್ನು ಮುಖ್ಯ ಸಾಲಿಗೆ ಸೇರಿಸಲೇಬಾರದು, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಲೆಕ್ಕ ನೋಡಿ. ನಿಮಿಷಕ್ಕೆ ನಾಲ್ಕು ಜನ, ತಲಾ ಎರಡು ಪುಲ್ಕಾ ಅಂದರೆ ನಿಮಿಷಕ್ಕೆ ಎಂಟು ಪುಲ್ಕಾ ಬೇಕು. ಒಲೆಯ ಮುಂದೆ ಇರುವವರು ನಿಮಿಷಕ್ಕೆ ನಾಲ್ಕು ಕೊಟ್ಟರೆ ಇಡೀ ಸಾಲು ನಿಮಿಷಕ್ಕೆ ಎರಡು ಜನಕ್ಕೆ ಇಳಿಯುತ್ತದೆ, ಪುಲ್ಕಾ ಬೇಡದವರೂ ಸೇರಿ. ದೋಸೆಯದು ಇನ್ನೂ ಕಷ್ಟ. ಕಾವಲಿಯಲ್ಲಿ ಒಂದು ಸುತ್ತಿಗೆ ಆರು ದೋಸೆ, ಸುತ್ತಿಗೆ 4 ನಿಮಿಷ ಅಂದುಕೊಂಡರೆ ನಿಮಿಷಕ್ಕೆ ಒಂದೂವರೆ ದೋಸೆ. 300 ಜನ ದೋಸೆ ಕೇಳಿದರೆ 200 ನಿಮಿಷ! ಹಾಗಾಗಿ ದೋಸೆಯನ್ನು ಬೇರೆ ಮೂಲೆಗೆ ಹಾಕಿಸಿ ಅರ್ಧರ್ಧ ಕತ್ತರಿಸಿ ಕೊಡಿ ಅನ್ನುತ್ತೇನೆ. ಬೇಕಾದವರು ಅಲ್ಲಿ ಹೋಗಿ ನಿಲ್ಲಲಿ.

ಈಗ 700ರ ಲೆಕ್ಕಕ್ಕೆ ಬರೋಣ. ಆಮಂತ್ರಣದಲ್ಲಿ ಸಂಜೆ 7 ಗಂಟೆ ಅಂತ ಇರುತ್ತದೆ, ಊಟ ಏಳೂವರೆಗೆ ಶುರು. ಮದುವೆ ಮನೆಯವರೊಂದಿಗೆ ಕೂತು ನಾನು ಅಂದಾಜು ಬರೆಯುವುದು ಹೀಗೆ: 7:30ರಿಂದ 8ರ ತನಕ 130 ಜನ, 8ರಿಂದ 8:30ರ ತನಕ 330, 8:30ರಿಂದ 9ರ ತನಕ 150, ಆಮೇಲೆ 90. ಆಫೀಸಿನವರು ಎಷ್ಟು, ಪಕ್ಕದ ಊರಿನಿಂದ ಬಸ್ಸಿನಲ್ಲಿ ಬರುವವರು ಎಷ್ಟು ಅಂತ ಕೇಳಿದರೆ ಈ ಹಂಚಿಕೆ ಸುಮಾರಾಗಿ ಹೊಂದುತ್ತದೆ. ಬಸ್ಸಿನವರು ಒಟ್ಟಿಗೇ ಊಟಕ್ಕೆ ಬಂದು ಒಟ್ಟಿಗೇ ಹೊರಡುತ್ತಾರೆ.

ಎರಡು ಗಂಟೆಗೆ 700 ಜನ ಅಂತ ಸುಮ್ನೆ ಸರಾಸರಿ ತೆಗೆದರೆ ನಿಮಿಷಕ್ಕೆ ಆರು ಜನ. ಎರಡೂ ಬದಿಯಿಂದ ಬಡಿಸಿಕೊಳ್ಳುವ ಒಂದು ಟೇಬಲ್, ಅಂದರೆ ಎರಡು ಸಾಲು, ನಿಮಿಷಕ್ಕೆ ಎಂಟು ಜನ, ಸಾಕಲ್ಲ ಅನ್ನಿಸುತ್ತದೆ. ಆದರೆ 8ರಿಂದ 8:30ರ ನಡುವೆ ಬರುವವರು ನಿಮಿಷಕ್ಕೆ ಹನ್ನೊಂದು. ಹೋಗುವವರು ಎಂಟು. ನಿಮಿಷಕ್ಕೆ ಮೂರು ಜನ ಹಿಂದೆ ಉಳಿಯುತ್ತಾ ಹೋಗಿ, ಎಂಟೂವರೆಗೆ 90 ಜನ ನಿಂತಿರುತ್ತಾರೆ. ಆಗ ಕೊನೆಗೆ ಬಂದು ಸೇರಿದವರಿಗೆ 11 ನಿಮಿಷಕ್ಕಿಂತ ಹೆಚ್ಚು ಕಾಯುವಿಕೆ. ಆಮೇಲೆ ಬರುವವರು ನಿಮಿಷಕ್ಕೆ ಐದಕ್ಕೆ ಇಳಿದರೂ ಆ 90 ಜನರ ಸಾಲು ಕರಗಲು ಇನ್ನೂ ಅರ್ಧ ಗಂಟೆ ಬೇಕು. ಅಂದರೆ ಸುಮಾರು ಒಂದು ಗಂಟೆ ಕಾಲ ಸಾಲು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಅದನ್ನು ನೋಡಿ ಕೆಲವರು ಉಡುಗೊರೆ ಕೊಟ್ಟು ಊಟ ಮಾಡದೆ ಹೋಗಿಬಿಡುತ್ತಾರೆ, ಮನೆಯವರಿಗೆ ಅದಕ್ಕಿಂತ ಬೇಜಾರು ಇನ್ನೇನಿದೆ?

ಮೂರನೇ ಸಾಲು ಸೇರಿಸಿದರೆ ನಿಮಿಷಕ್ಕೆ ಹನ್ನೆರಡು, ಹನ್ನೊಂದು ಜನಕ್ಕೆ ಸರಿಹೋಗುತ್ತದೆ. ಕುಟುಂಬಗಳು ಗುಂಪಾಗಿ ಬರುವುದರಿಂದ ಸ್ವಲ್ಪ ಸಾಲು ಆಗಿಯೇ ಆಗುತ್ತದೆ, ಆದರೆ ಎರಡು ಮೂರು ನಿಮಿಷದಲ್ಲಿ ಕರಗುತ್ತದೆ. ಹಾಗಾಗಿ ಎರಡು ಟೇಬಲ್ ಹಾಕಿಸಿ ಮೂರು ಬದಿ ತೆರೆಯುತ್ತೇನೆ. ನಾಲ್ಕನೇ ಬದಿಗೂ ತಟ್ಟೆ, ಸೌಟು ತಯಾರಾಗಿರುತ್ತವೆ, ಬಸ್ ಬಂದರೆ ತೆರೆಯುವುದಕ್ಕೆ.

ಇನ್ನೊಂದು ರೀತಿಯ ಜನಸಂದಣಿ ಇದೆ. ಆಫೀಸಿನ ಕಾರ್ಯಕ್ರಮ ಮಧ್ಯಾಹ್ನ 1:15ಕ್ಕೆ ಮುಗಿದು 300 ಜನ ಒಟ್ಟಿಗೇ ಎದ್ದು ಬರುತ್ತಾರೆ. ಕೊನೆಯವರಿಗೂ 20 ನಿಮಿಷದೊಳಗೆ ತಟ್ಟೆ ಸಿಗಬೇಕು ಅಂದರೆ ನಿಮಿಷಕ್ಕೆ 15 ಜನ, ಅಂದರೆ ನಾಲ್ಕು ಸಾಲು ಪೂರ್ತಿ ಬೇಕು. 700 ಜನರ ರಿಸೆಪ್ಶನ್‌ಗಿಂತ ಜಾಸ್ತಿ. ಜನಸಂಖ್ಯೆ ಮಾತ್ರ ನೋಡಿ ಕೌಂಟರ್ ಹೇಳುವವರ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ಸಾಲು ಹೆಚ್ಚಿಸಿದ ಮೇಲೆ ಕೂರುವ ಜಾಗ ನೋಡಲೇಬೇಕು. ನಿಮಿಷಕ್ಕೆ ಹನ್ನೊಂದು ಜನ ತಟ್ಟೆ ಹಿಡಿದು ಬರುತ್ತಾರೆ, ಒಬ್ಬರು 20 ನಿಮಿಷ ತಿನ್ನುತ್ತಾರೆ ಅಂದರೆ ಊಟದ ಹಾಲಿನಲ್ಲಿ ಒಂದೇ ಸಲ 220 ಜನ ಇರುತ್ತಾರೆ. ಕುರ್ಚಿ 150 ಇದ್ದರೆ ಉಳಿದ 70 ಜನ ನಿಂತು ತಿನ್ನಬೇಕು, ಅವರು ನಿಲ್ಲುವುದು ಕೌಂಟರಿನ ಬಾಯಲ್ಲೇ. ಸಾಲು ಮತ್ತೆ ನಿಧಾನವಾಗುತ್ತದೆ. ಛತ್ರ ಚಿಕ್ಕದಿದ್ದರೆ ಮೂರನೇ ಸಾಲಿಗಿಂತ ಮೊದಲು ಹೊರಗೆ ಶಾಮಿಯಾನ ಹಾಕಿಸಿ ಅನ್ನುತ್ತೇನೆ.

ಎರಡನೇ ಸಲ ಬಡಿಸಿಕೊಳ್ಳಲು ಬರುವವರನ್ನು ಮರೆಯಬೇಡಿ. ಅವರಿಗೆ ಬೇಕಿರುವುದು ಅನ್ನ, ಸಾರು, ಮೊಸರನ್ನ ಇಷ್ಟೇ, ಆದರೆ ಸಾಲಿನ ಮಧ್ಯೆ ಕೈ ಹಾಕಿದರೆ ಎಲ್ಲರನ್ನೂ ನಿಲ್ಲಿಸುತ್ತಾರೆ. ಆ ಮೂರನ್ನು ಕುರ್ಚಿಗಳ ಹತ್ತಿರ ಒಂದು ಚಿಕ್ಕ ಟೇಬಲ್ಲಿನಲ್ಲಿ ಇಡಿಸಿ, ಒಬ್ಬ ಹುಡುಗನನ್ನು ನಿಲ್ಲಿಸುತ್ತೇನೆ. ಐಸ್‌ಕ್ರೀಮ್, ಬೀಡಾ ಎದುರು ಗೋಡೆಗೆ. ಆಮೇಲೆ ಎಂಟು ಗಂಟೆಯಿಂದ ಎಂಟೂಮುಕ್ಕಾಲರ ತನಕ ನಾನು ಮೊಸರನ್ನದ ಪಕ್ಕವೇ ನಿಂತಿರುತ್ತೇನೆ. ನಿಮಿಷಕ್ಕೆ ಮೂರೇ ತಟ್ಟೆ ದಾಟಿದರೆ ಸಾಲಿನಲ್ಲಿ ಎಲ್ಲಿ ಖಾಲಿ ಬಿದ್ದಿದೆ ಅಂತ ನೋಡಿ, ಅಲ್ಲಿಗೆ ಒಂದು ಸೌಟು ಅಥವಾ ಬಡಿಸುವ ಒಬ್ಬ ಹುಡುಗನನ್ನು ಕಳಿಸುತ್ತೇನೆ.